ಗೂಡಿನ ಬಾಯಿಗೆ ನೆಟ್ಟ ಕಡ್ಡಿ

ಮುಂಗಾರು ಹಿಡಿದ ಮೇಲೆ ಕೊಂಕಣದ ಹಳ್ಳಗಳ ದಂಡೆಗೆ ಒಂದು ಪುಟಾಣಿ ಮಿಂಚುಳ್ಳಿ ಗೂಡು ಕಟ್ಟಲು ಬರುತ್ತದೆ. ಉದ್ದ ಸುಮಾರು 13 ಸೆಂಟಿಮೀಟರ್. ಹಳದಿ ಹೊಟ್ಟೆ, ನೇರಳೆ ಮಿಶ್ರಿತ ಕಿತ್ತಳೆ ನೆತ್ತಿ, ಹವಳದಂಥ ಕೊಕ್ಕು. ಓರಿಯಂಟಲ್ ಡ್ವಾರ್ಫ್ ಕಿಂಗ್‌ಫಿಷರ್ ಎಂಬ ಉದ್ದ ಹೆಸರನ್ನು ಕ್ಯಾಮೆರಾ ಹಿಡಿದವರು ‘ಓಡಿಕೆಎಫ್’ ಎಂದು ಮೊಟಕು ಮಾಡಿಕೊಂಡಿದ್ದಾರೆ. ಚಿಪಳೂಣ, ಕರ್ನಾಳಾ ಕಡೆಗೆ ಮಳೆಗಾಲದಲ್ಲಿ ಇದೊಂದೇ ಹಕ್ಕಿಗಾಗಿ ಹೋಗಿಬರುವ ಬೆಂಗಳೂರು, ಪುಣೆ, ಮುಂಬೈಯ ಛಾಯಾಗ್ರಾಹಕರಿದ್ದಾರೆ. ಅವರು ತರುವ ಚಿತ್ರಗಳು ಸುಂದರವಾಗಿರುತ್ತವೆ. ಆದರೆ ನಾಲ್ಕಾರನ್ನು ಒಟ್ಟಿಗೆ ಇಟ್ಟು ನೋಡಿದರೆ ಅನುಮಾನ ಬರುವಷ್ಟು ಒಂದೇ ಥರ ಇರುತ್ತವೆ.

ಪಾಚಿ ಕಟ್ಟಿದ ಒಂದು ಓರೆ ಕಡ್ಡಿ, ಹಿಂದೆ ಮಸುಕಾದ ಹಸಿರು, ಕಡ್ಡಿಯ ಮೇಲೆ ಹಕ್ಕಿ, ಕೊಕ್ಕಿನಲ್ಲಿ ಹಾವುರಾಣಿಯೋ ಕಪ್ಪೆಯೋ. ಇಂಥ ಚಿತ್ರ ಎಲ್ಲಿ ತೆಗೆದದ್ದೆಂದು ಅದರ ಬೇಟೆಯೇ ಹೇಳಿಬಿಡುತ್ತದೆ. ಮಿಂಚುಳ್ಳಿ ತನಗಾಗಿ ಹಿಡಿದದ್ದನ್ನು ತಲೆ ಒಳಮುಖವಾಗಿ ಕಚ್ಚಿಕೊಳ್ಳುತ್ತದೆ, ಏಕೆಂದರೆ ತಲೆಯಿಂದ ನುಂಗಿದರೆ ಸಲೀಸು. ಮರಿಗೋ ಸಂಗಾತಿಗೋ ಒಯ್ಯುವಾಗ ತಲೆ ಹೊರಮುಖವಾಗಿರುತ್ತದೆ. ಹಾವುರಾಣಿಯ ಮೂತಿ ಹೊರಕ್ಕೆ ಚಾಚಿಕೊಂಡಿದ್ದರೆ ಅದು ಮರಿಯ ತುತ್ತಾಗಿರುವ ಸಂಭವವೇ ಹೆಚ್ಚು. ಅಂದರೆ ಗೂಡು ಹತ್ತಿರದಲ್ಲೇ ಎಲ್ಲೋ ಇದೆ.

ಗೂಡೆಂದರೆ ಮಣ್ಣಿನ ದಂಡೆಯಲ್ಲಿ ಕೊರೆದ ಬಿಲ. ಎಷ್ಟೋ ಸಲ ಅದು ರಸ್ತೆಗಾಗಿ ಕಡಿದ ಗುಡ್ಡದ ಮಗ್ಗುಲಲ್ಲೇ ಇರುವುದರಿಂದ ಕಂಡುಹಿಡಿಯುವುದು ಕಷ್ಟವಲ್ಲ. ಮುಂದಿನ ಕೆಲಸ ಹೀಗೆ ನಡೆಯುತ್ತದೆ: ಬಿಲದ ಎದುರು ಬಟ್ಟೆಯ ಮರೆ ಕಟ್ಟುತ್ತಾರೆ, ಅಡ್ಡ ಬರುವ ಎಲೆ-ಬಳ್ಳಿ ಸವರುತ್ತಾರೆ, ಬಿಲದ ಬಾಯಿಗೆ ಸಮೀಪವಾಗಿ ಪಾಚಿಯ ಕಡ್ಡಿ ನೆಡುತ್ತಾರೆ. ಹಕ್ಕಿ ಒಳಗೆ ಹೋಗುವ ಮುನ್ನ ಅಲ್ಲಿ ಕೂರುತ್ತದೆ. ಮೀನು ಇಟ್ಟಿಲ್ಲ, ಹುಳು ಕಟ್ಟಿಲ್ಲ, ಹಾಗಾಗಿ ಇದು ಆಮಿಷವಲ್ಲ ಎಂಬ ವಾದ ಕೇಳಿಬರುತ್ತದೆ. ವಾದ ನಿಲ್ಲುವುದಿಲ್ಲ. ಇಲ್ಲಿ ಹಕ್ಕಿಯನ್ನು ಕ್ಯಾಮೆರಾದ ಮುಂದೆ ಎಳೆದು ತರುತ್ತಿರುವುದು ಅದರ ಮರಿಗಳ ಹಸಿವು. ಮೀನಿನ ಆಮಿಷವನ್ನು ಹಕ್ಕಿ ಬಿಟ್ಟು ಹೋಗಬಹುದು, ಮರಿಗಳನ್ನು ಅಷ್ಟು ಸುಲಭವಾಗಿ ಬಿಡಲಾರದು.

ಹಾನಿ ಎಂದರೆ ಹಕ್ಕಿ ಗೂಡು ತೊರೆಯುವುದೊಂದೇ ಅಲ್ಲ. ಸವರಿದ ಬಳ್ಳಿ ಅಲ್ಲಿಯವರೆಗೆ ಬಿಲದ ಬಾಯಿಯನ್ನು ಹಾವಿನಿಂದ, ಉಡದಿಂದ ಮರೆಮಾಡಿತ್ತು. ಇನ್ನೊಂದು ಹಾನಿಯನ್ನು ಗಡಿಯಾರ ಹಿಡಿದು ಕೂತರಷ್ಟೇ ಕಾಣಬಹುದು. ತುತ್ತು ಕಚ್ಚಿದ ತಾಯಿಯೋ ತಂದೆಯೋ ಬಿಲಕ್ಕೆ ನೇರ ನುಗ್ಗದೆ ದೂರದ ಕೊಂಬೆಯಲ್ಲಿ ತಲೆ ಮೇಲೆ ಕೆಳಗೆ ಮಾಡುತ್ತ, ಕೂಗುತ್ತ ಕೂರುತ್ತದೆ. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವಿನ ಹೊತ್ತು ಬೆಳೆಯುತ್ತದೆ. ಹೀಗಾದಾಗ ಮಾಡಬೇಕಾದದ್ದು ಎದ್ದು ಹೋಗುವುದು. ಆದರೆ ಕಡ್ಡಿಯ ಮೇಲೆ ಹೆಚ್ಚು ಹೊತ್ತು ಕೂತ ಹಕ್ಕಿಯೇ ಒಳ್ಳೆಯ ಚಿತ್ರ ಕೊಡುವುದು. ಆ ಹಿಂಜರಿಕೆಯನ್ನೇ ನೋಡುಗರು ‘ಎಂಥ ಭಂಗಿ’ ಎಂದು ಮೆಚ್ಚುತ್ತಾರೆ.

ಕಾನೂನು ಈ ವಿಷಯದಲ್ಲಿ ಛಾಯಾಗ್ರಾಹಕರು ಎಣಿಸಿದ್ದಕ್ಕಿಂತ ಕಟುವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಯನ್ನು ವ್ಯಾಖ್ಯಾನಿಸುವಾಗ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಅದರಲ್ಲೇ ಸೇರಿಸಿದೆ.

ಹತ್ತಿರ ಹೋಗದೆ ಇಷ್ಟು ಚಿಕ್ಕ ಹಕ್ಕಿ ಸಿಗುವುದು ಹೇಗೆ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. 600 ಮಿಲಿಮೀಟರ್ ಲೆನ್ಸಿನಲ್ಲಿ 10 ಮೀಟರ್ ದೂರದಿಂದ 13 ಸೆಂಟಿಮೀಟರ್ ಹಕ್ಕಿಯ ಬಿಂಬ ಸುಮಾರು 8 ಮಿಲಿಮೀಟರ್ ಬೀಳುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿಲಿಮೀಟರ್, ಅಂದರೆ ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗ ಹಕ್ಕಿ. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಭಾಗವನ್ನೇ ಕತ್ತರಿಸಿ ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಹಕ್ಕಿ 6 ಇಂಚಿನಷ್ಟಾಗುತ್ತದೆ. ಜೀವಂತ ಹಕ್ಕಿಯೇ ಅಷ್ಟು ದೊಡ್ಡದಿಲ್ಲ. 10 ಮೀಟರ್ ಎಲ್ಲ ಕಡೆಗೂ ಸುರಕ್ಷಿತ ಎಂದಲ್ಲ. ಗೂಡಿನ ಬಳಿ ಅದೂ ಕಡಿಮೆಯೇ ಆಗಬಹುದು, ಹಕ್ಕಿಯ ನಡವಳಿಕೆಯೇ ಅಳತೆ. ಆದರೆ ನಾಲ್ಕೈದು ಮೀಟರಿಗೆ ನುಗ್ಗದೆ ಚಿತ್ರವೇ ಇಲ್ಲ ಎನ್ನುವುದು ಸುಳ್ಳು.

ಹಾಗಾದರೆ ನುಗ್ಗುವಿಕೆಗೆ ಪ್ರೇರಣೆ ಎಲ್ಲಿಂದ? ದೊಡ್ಡ ಪಾಲು ತೀರ್ಪುಗಾರರ ಮೇಜಿನಿಂದ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ 2009ರ ಪ್ರಶಸ್ತಿ ಬೇಲಿ ಹಾರುವ ಐಬೀರಿಯನ್ ತೋಳಕ್ಕೆ ಸಿಕ್ಕಿತ್ತು. ಆ ತೋಳ ಮ್ಯಾಡ್ರಿಡ್ ಬಳಿಯ ಪ್ರಾಣಿ ಉದ್ಯಾನದ ಪಳಗಿದ ಪ್ರಾಣಿಯಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಮಾನಿಸಿ 2010ರಲ್ಲಿ ಪ್ರಶಸ್ತಿ ಹಿಂತೆಗೆದುಕೊಂಡರು. ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ. ಮತ್ತೆ 2018ರಲ್ಲಿ ಅದೇ ಸ್ಪರ್ಧೆಯ ವಿಜೇತ ಚಿತ್ರವೊಂದು, ಅದರಲ್ಲಿದ್ದ ಇರುವೆಭಕ್ಷಕ ಟ್ಯಾಕ್ಸಿಡರ್ಮಿ ಮಾಡಿದ ಸತ್ತ ಪ್ರಾಣಿಯೆಂದು ಅನರ್ಹವಾಯಿತು. ಆಗಲೂ ಛಾಯಾಗ್ರಾಹಕ ಅಲ್ಲಗಳೆದ. ಎರಡೂ ಸಲ ತೀರ್ಪುಗಾರರು ಮೊದಲು ಚೌಕಟ್ಟಿನ ಅಂದಕ್ಕೆ ಮನಸೋತು, ಚಿತ್ರ ಆದದ್ದು ಹೇಗೆಂದು ಆಮೇಲೆ ಕೇಳಿದರು. ಗೂಡಿನ ಚಿತ್ರಗಳ ವಿಷಯದಲ್ಲಿ ಆ ಪ್ರಶ್ನೆ ಆಮೇಲೂ ಏಳುವುದು ಕಡಿಮೆ, ಏಕೆಂದರೆ ಅಲ್ಲಿ ಹಕ್ಕಿ ನಿಜವಾದದ್ದು.

ಎಲ್ಲ ಏರ್ಪಾಡನ್ನೂ ಒಂದೇ ತಕ್ಕಡಿಗೆ ಹಾಕುವುದೂ ಸರಿಯಲ್ಲ. ಉತ್ತರ ಕನ್ನಡದ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್‌ನಲ್ಲಿ ಹಕ್ಕಿಗಳಿಗೆಂದು ನೀರಿನ ತಾವುಗಳಿವೆ. ಹಕ್ಕಿಗಳು ಬಂದು ಮೀಯುತ್ತವೆ, ಜನ ಒಂದು ಕಡೆ ಕೂತು ಚಿತ್ರ ತೆಗೆಯುತ್ತಾರೆ. ಇದೂ ಮನುಷ್ಯ ಮಾಡಿದ ವೇದಿಕೆಯೇ. ಆದರೆ ಇಲ್ಲಿ ಹಕ್ಕಿಗೆ ಬರದಿರುವ ಸ್ವಾತಂತ್ರ್ಯವಿದೆ, ಮರಿಗಳ ಪಾಲಿನ ಹೊತ್ತು ಖರ್ಚಾಗುವುದಿಲ್ಲ, ನೂರಾರು ಜನರ ಆಸೆ ಕಾಡಿಗೆ ನುಗ್ಗದೆ ಒಂದೇ ಅಂಗಳದಲ್ಲಿ ತೀರುತ್ತದೆ. ಇಂಥ ಕಡೆ ಕೇಳಬೇಕಾದ ಪ್ರಶ್ನೆಗಳು ಬೇರೆ: ನೀರು ಬದಲಾಯಿಸಿ ತೊಟ್ಟಿ ತಿಕ್ಕುತ್ತಾರೆಯೇ, ಬೆಕ್ಕು ಹೊಂಚುವ ಜಾಗವಿದೆಯೇ, ಚಿತ್ರದ ಕೆಳಗೆ ‘ನೀರಿನ ತೊಟ್ಟಿಯ ಬಳಿ’ ಎಂದು ಬರೆಯುತ್ತಾರೆಯೇ.

ಅಡಿಬರಹದಲ್ಲಿ ಹೇಳಲೇಬೇಕಾದ ಸಂಗತಿಗಳಿರುವಂತೆ ಹೇಳಬಾರದ್ದೂ ಒಂದಿದೆ: ಜಾಗ. ಗೋನಿಯುರೋಸಾರಸ್ ಲೂಯಿ ಎಂಬ ಹಲ್ಲಿಯನ್ನು ವಿಜ್ಞಾನಿಗಳು ಚೀನಾದ ಗುವಾಂಗ್ಷಿಯಿಂದ 1999ರಲ್ಲಿ ವಿವರಿಸಿದ ಮೇಲೆ, ಸಾಕುಪ್ರಾಣಿ ವ್ಯಾಪಾರಿಗಳು ಪ್ರಬಂಧದಲ್ಲಿದ್ದ ವಿಳಾಸಕ್ಕೇ ಹೋಗಿ ಅದನ್ನು ಹಿಡಿದು ಆ ಜಾಗದಿಂದಲೇ ಅಳಿಸಿಹಾಕಿದರು. ಐನ್ಯಾಚುರಲಿಸ್ಟ್ ಈಗ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಮರೆಮಾಡಿ, ಸುಮಾರು 20 ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ತೋರಿಸುತ್ತದೆ. ಮಿಂಚುಳ್ಳಿಗೂ ‘ಕೊಂಕಣ, ಜುಲೈ’ ಎಂಬಷ್ಟು ಸಾಕು. ಫೈಲಿನೊಳಗಿನ ಜಿಪಿಎಸ್ ಅಳಿಸುವುದು ಒಂದು ಗುಂಡಿಯ ಕೆಲಸ. ಹೋಂಸ್ಟೇಯ ಹೆಸರು ಟ್ಯಾಗ್ ಮಾಡಿದರೆ, ಮೈಲಿಗಲ್ಲು ವಿಡಿಯೊದಲ್ಲಿ ಕಂಡರೆ ಅದೂ ವ್ಯರ್ಥ.

ಗೂಡಿನ ಸುದ್ದಿ ಹೆಚ್ಚಾಗಿ ಹಬ್ಬುವುದು ವಾಟ್ಸ್ಆ್ಯಪ್‌ನಲ್ಲಿ, ಹೊರಡುವುದು ಮಳೆಗಾಲದಲ್ಲಿ ಬೇರೆ ದುಡಿಮೆಯಿಲ್ಲದ ಸ್ಥಳೀಯ ಗೈಡ್‌ನಿಂದ. ಅವನೊಬ್ಬನನ್ನು ದೂರುವುದು ಸುಲಭ. ಆದರೆ ಕೊಕ್ಕಿನಿಂದ ಹೊರಚಾಚಿದ ಹಾವುರಾಣಿಗೆ ಪುರಸ್ಕಾರ, ಮುಖಪುಟ, ಸಾವಿರಾರು ಮೆಚ್ಚುಗೆ ಸಿಗುತ್ತಿರುವ ತನಕ ಅವನು ತೋರಿಸದಿದ್ದರೆ ಪಕ್ಕದೂರಿನವನು ತೋರಿಸುತ್ತಾನೆ. ಸಂಪಾದಕರು ಮತ್ತು ತೀರ್ಪುಗಾರರು ಗೂಡಿನ ಚಿತ್ರವನ್ನು ಮೊದಲ ಸುತ್ತಿನಲ್ಲೇ ಬದಿಗಿಟ್ಟರೆ ಮಾತ್ರ ಮುಂದಿನ ಜೂನ್‌ನಲ್ಲಿ ಆ ಕಡ್ಡಿಗಳ ಸಂಖ್ಯೆ ಇಳಿದೀತು.