ದೊಡ್ಡ ಕಾಲಿಗೆ ಬೂಟು, ಅದೂ ಸಂಜೆ ಹೊತ್ತು

ವಿಠ್ಠಲವಾಡಿ ಸ್ಟೇಷನ್ನಿನ ಆಚೀಚೆ ಜನ ಬೂಟು ಕೊಳ್ಳುವುದನ್ನು ನೋಡಿದ ಮೇಲೆ ಬೂಟಿನ ಅಳತೆಯ ಬಗ್ಗೆ ಹೇಳಬೇಕು ಅನ್ನಿಸಿತು. ರಜೆಯ ದಿನ ಬೆಳಿಗ್ಗೆ ಬರುತ್ತಾರೆ, ಸ್ಟೂಲಿನ ಮೇಲೆ ಕೂತು ಬಲಗಾಲಿಗೆ ಮಾತ್ರ ಹಾಕಿ ನೋಡುತ್ತಾರೆ. ಬಿಗಿ ಎಂದರೆ ಅಂಗಡಿಯವರ ಉತ್ತರ ಸಿದ್ಧ: ‘ವಾಪರಲ್ಯಾವರ್ ಸೈಲ್ ಹೋತೆ.’ ಹಾಕಿಕೊಂಡಂತೆ ಸಡಿಲವಾಗುತ್ತದಂತೆ.

ಈ ಮಾತಿನೊಂದಿಗೆ ನನ್ನ ಜಗಳ ಹಳೆಯದು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಪಟ್ಟಿಗೆ ಅದು ಸರಿಯಾದ ಮಾತು. ಆ ಪಟ್ಟಿ ಪಾದಕ್ಕೆ ತಕ್ಕಂತೆ ಒಗ್ಗುತ್ತದೆ, ಮುಂದೆ ಬೆರಳಿಗೆ ಗೋಡೆಯೂ ಇಲ್ಲ. ಮುಚ್ಚಿದ ಬೂಟಿನ ಕಥೆ ಬೇರೆ. ಅದರ ಚರ್ಮ ಅಗಲಕ್ಕೆ ಒಂದಿಷ್ಟು ಹಿಗ್ಗೀತು, ಉದ್ದಕ್ಕೆ ಹಿಗ್ಗುವುದಿಲ್ಲ, ಏಕೆಂದರೆ ಕೆಳಗಿನ ಸೋಲು ಬೆಳೆಯುವುದಿಲ್ಲ. ಬೆರಳು ತಾಗುವ ಬೂಟು ಆರು ತಿಂಗಳ ನಂತರವೂ ತಾಗುತ್ತದೆ.

ಎರಡು ಪಾದಗಳೂ ಒಂದೇ ಅಳತೆಯವಾಗಿರುವುದು ಅಪರೂಪ. ಬೆಳೆಯುವಾಗಲೇ ತುಸು ವ್ಯತ್ಯಾಸ ಬರುತ್ತದೆ. ವಯಸ್ಸು, ತೂಕ, ಬಸಿರು, ಹಳೆಯ ಉಳುಕು ಇವುಗಳಿಂದ ಒಂದು ಪಾದದ ಕಮಾನು ಇನ್ನೊಂದಕ್ಕಿಂತ ಹೆಚ್ಚು ಕುಸಿದರೆ ಆ ಪಾದ ಉದ್ದವೂ ಅಗಲವೂ ಆಗುತ್ತದೆ. ದೊಡ್ಡದು ಎಡದ್ದೋ ಬಲದ್ದೋ ಎಂಬುದನ್ನು ಅಳೆದೇ ತಿಳಿಯಬೇಕು. ಇದರ ಮೇಲೆ ಸಂಜೆಯ ಬಾವು. ಮುಂಬಯಿಗೆ ಹೋಗಿ ಬರುವಾಗ ಲೋಕಲ್‌ನಲ್ಲಿ ಎರಡೂ ಹೊತ್ತು ಗಂಟೆಗೂ ಹೆಚ್ಚು ನಿಂತವರ ಕಾಲಿನ ರಕ್ತನಾಳಗಳಿಂದ ನೀರು ಸುತ್ತಲಿನ ಮಾಂಸಕ್ಕೆ ಜಿನುಗಿ ಕೆಳಗೇ ಉಳಿಯುತ್ತದೆ. ಬೆಳಿಗ್ಗೆ ಹಿತವಾಗಿದ್ದ ಬೂಟು ಥಾಣೆ ದಾಟುವಷ್ಟರಲ್ಲಿ ಒತ್ತುವುದು ಇದಕ್ಕೇ.

ಹಾಗಾಗಿ ಕೆಲಸದಿಂದ ಮರಳಿದ ಸಂಜೆ, ಬೂಟಿಗೆ ಹಾಕುವ ಕಾಲುಚೀಲವನ್ನೇ ತೊಟ್ಟು, ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಲ್ಲಿ. ಭಾರ ಎರಡೂ ಕಾಲಿನ ಮೇಲಿರಲಿ, ಕೂತರೆ ಪಾದ ಕುಗ್ಗುತ್ತದೆ. ಅತಿ ಉದ್ದದ ಬೆರಳಿನ ತುದಿಗೆ ಮನೆಯವರೊಬ್ಬರು ಗುರುತು ಹಾಕಲಿ, ಕೆಲವರಿಗೆ ಅದು ಎರಡನೆಯ ಬೆರಳು. ಎಡ 254 ಮಿಲಿಮೀಟರ್, ಬಲ 249 ಬಂತೆನ್ನಿ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ಅಂತರ. ಎರಡು ಪಾದಗಳ ನಡುವಿನ ಈ ಐದು ಮಿಲಿಮೀಟರ್ ಎಂದರೆ ಅರ್ಧ ಸೈಜಿಗಿಂತ ಜಾಸ್ತಿ. ಕೊಳ್ಳುವುದು ಎಡಗಾಲಿಗೆ, ಬೆರಳ ಮುಂದೆ 10ರಿಂದ 12 ಮಿಲಿಮೀಟರ್ ಜಾಗ ಬಿಟ್ಟು.

ಬಲಗಾಲು ಜಾರೀತಲ್ಲ? ಅದಕ್ಕೆ ಬೂಟಿನ ನಾಲಿಗೆಯ ಒಳಗೆ ತೆಳು ಪ್ಯಾಡ್ ಅಂಟಿಸಿ, ಪಾದ ಹಿಂದಕ್ಕೆ ಕೂರುತ್ತದೆ. ಹಿಮ್ಮಡಿಗೆ ಪ್ಯಾಡ್ ಇಟ್ಟರೆ ಬೆರಳುಗಳು ಮುಂದಕ್ಕೆ ನೂಕಲ್ಪಡುತ್ತವೆ. ಅದೂ ಸಾಲದಿದ್ದರೆ ಆ ಒಂದು ಬೂಟಿಗೆ ಮಾತ್ರ ತೆಳು ಇನ್‌ಸೋಲ್. ಸಣ್ಣ ಕಾಲಿಗೆ ತುಂಬಿಸಬಹುದು, ದೊಡ್ಡ ಕಾಲನ್ನು ಕುಗ್ಗಿಸಲಾಗದು.

ಒಂದೇ ಕಾಲು ಹೊಸದಾಗಿ ಊದಿ ಮೀನಖಂಡ ನೋಯುತ್ತಿದ್ದರೆ ಬೂಟಿನ ಅಂಗಡಿ ಬೇಡ, ಆ ದಿನವೇ ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ‘ಹಿತವಾಗಿದೆ’ ಎಂಬ ಅನಿಸಿಕೆಯನ್ನು ನಂಬದೆ ಹಾಳೆಯ ಮೇಲಿನ ಗೆರೆಯನ್ನೇ ನಂಬಿ, ಆ ಹಾಳೆಯನ್ನು ಅಂಗಡಿಗೆ ಒಯ್ಯಿರಿ.