ಗೆರೆ ಎಳೆಯುವಾಗ ‘ಕಾಲ್ ಆಫ್ ದ ವ್ಯಾಲಿ’

ಪುಣೆಯಲ್ಲಿ ಕೂತು ಸ್ಕೆಚ್ ಮಾಡುವಾಗ ಸಿ. ಅಶ್ವಥ್ ಅವರ ಭಾವಗೀತೆ ಹಾಕಿದರೆ ನನ್ನ ಪೆನ್ಸಿಲ್ ನಿಂತುಬಿಡುತ್ತದೆ. ದಿನವಿಡೀ ಕನ್ನಡ ಕೇಳದ ಕಿವಿ ಪದಗಳ ಹಿಂದೆ ಹೊರಡುತ್ತದೆ. ಅದು ಆ ಹಾಡಿನ ಗೆಲುವೇ ಸರಿ, ಆದರೆ ಚಿತ್ರ ಅಲ್ಲಿಗೇ ನಿಲ್ಲುತ್ತದೆ.

ಗೆರೆಗೆ ಮಾತಿಲ್ಲದ ಸಂಗೀತ ಒಗ್ಗುತ್ತದೆ. 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ್ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜಭೂಷಣ್ ಕಾಬ್ರಾರ ಗಿಟಾರ್ ಇವೆ. ಮೊದಲಿಗೆ ಬರುವ ಅಹಿರ್ ಭೈರವ್‌ನ ಆಲಾಪಕ್ಕೆ ತಾಳದ ಕಟ್ಟಿಲ್ಲ. ಹೊರರೇಖೆ ತಾನಾಗಿ ಸಡಿಲವಾಗುತ್ತದೆ. ತಬಲಾ ಸೇರಿದ ಮೇಲೆ ಎಚ್ಚರ ಬೇಕು. ನೆರಳಿನ ಗೆರೆಗಳು ಪೆಟ್ಟಿಗೆ ಸರಿಯಾಗಿ, ಸಮ ಅಂತರದಲ್ಲಿ ಬೀಳತೊಡಗಿದರೆ ಕೈ ಕಣ್ಣನ್ನು ಬಿಟ್ಟು ಲಯವನ್ನು ಹಿಡಿದಿದೆ ಎಂದರ್ಥ. ಆಗ ನಾನು ಮತ್ತೆ ಆಲಾಪಕ್ಕೇ ಮರಳುತ್ತೇನೆ. ಅಶ್ವಥ್ ಅವರನ್ನು ಬಣ್ಣ ಒಣಗುವ ಹೊತ್ತಿಗೆ ಎತ್ತಿಟ್ಟುಕೊಂಡಿದ್ದೇನೆ.