ತೊಂಬತ್ತೆಂಟನೇ ದಿನದ ಬಡ್ಡಿ

ಮಾಗಡಿ ತಾಲ್ಲೂಕಿನ ಕುದೂರು ಹೋಬಳಿಯಲ್ಲಿ ರಾಗಿ ಮಳೆಯನ್ನು ನಂಬಿದ ಬೆಳೆ. ಮೇಲುಗೊಬ್ಬರ, ಕಳೆ ತೆಗೆಯುವ ಕೂಲಿ ಅಂತ ಆಗಸ್ಟ್, ಸೆಪ್ಟೆಂಬರಿನಲ್ಲೇ ಕೈಯಲ್ಲಿರುವುದೆಲ್ಲ ಖರ್ಚಾಗುತ್ತದೆ. ತೆನೆ ಕೊಯ್ದು, ಕಣ ಮಾಡಿ, ನಾಲ್ಕು ಕಾಸು ನೋಡುವ ಹೊತ್ತಿಗೆ ಡಿಸೆಂಬರ್ ಬಂದಿರುತ್ತದೆ. ನಡುವಿನ ಮೂರು ತಿಂಗಳನ್ನು ದಾಟಿಸುವುದು ಮನೆಯ ಒಡವೆ. ಹಾಗಾಗಿ ಇಲ್ಲಿನ ಒಡವೆ ಸಾಲವನ್ನು ತೂಗಿ ನೋಡುವಾಗ ಕೇಳಬೇಕಾದ್ದು ‘ವರ್ಷಕ್ಕೆ ಎಷ್ಟು ಬಡ್ಡಿ’ ಎಂದಲ್ಲ, ‘ಇಷ್ಟು ದಿನಕ್ಕೆ ಬಿಡಿಸಿಕೊಂಡರೆ ಒಟ್ಟು ಎಷ್ಟು ಕಟ್ಟಬೇಕು’ ಎಂದು. ಸಾಲ ಕೊಡುವವರ ಬೋರ್ಡುಗಳಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಗುವುದೇ ಅಪರೂಪ.

ಒಂದು ಲೆಕ್ಕ ಹಾಕಿ ನೋಡೋಣ. ರೈತ ಮಹಿಳೆಯೊಬ್ಬರು 2025ರ ಸೆಪ್ಟೆಂಬರ್ 1ರಂದು ಸರ ಅಡವಿಟ್ಟು ಒಂದು ಲಕ್ಷ ರೂಪಾಯಿ ತಂದು, ಡಿಸೆಂಬರ್ 8ಕ್ಕೆ ತೀರಿಸಿದರು ಎಂದುಕೊಳ್ಳಿ. ಕೊಟ್ಟ ದಿನವನ್ನು ಬಿಟ್ಟು ಎಣಿಸಿದರೆ 98 ದಿನ. ದರಗಳು ಶಾಖೆಯಿಂದ ಶಾಖೆಗೆ ಬದಲಾಗುವುದರಿಂದ ಇಲ್ಲಿ ಬಳಸಿರುವವು ಉದಾಹರಣೆಯ ದರಗಳು. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಕಡೆಯೆಲ್ಲ ಸೂತ್ರ ಮಾತ್ರ ಒಂದೇ: ಅಸಲನ್ನು ದರದಿಂದ ಗುಣಿಸಿ, ದಿನಗಳಿಂದ ಗುಣಿಸಿ, 36,500ರಿಂದ ಭಾಗಿಸಬೇಕು.

ಬ್ಯಾಂಕು ಶೇ 9ರ ದರ ಹಾಕಿದರೆ ಬಡ್ಡಿ 2,416 ರೂಪಾಯಿ. ಆದರೆ ಬ್ಯಾಂಕಿನ ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರೊಸೆಸಿಂಗ್ ಶುಲ್ಕ 500, ಚಿನ್ನ ಪರೀಕ್ಷಿಸುವ ಅಪ್ರೈಸರ್‌ಗೆ 300 ಎಂದಿಟ್ಟುಕೊಂಡರೆ ಅದರ ಮೇಲೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ಬಡ್ಡಿಗೆ ಜಿಎಸ್‌ಟಿ ಇಲ್ಲ, ಶುಲ್ಕಕ್ಕೆ ಉಂಟು. ಹೀಗೆ 944 ರೂಪಾಯಿ ಸೇರಿ ಒಟ್ಟು 3,360 ಆಗುತ್ತದೆ. ಶೇ 9 ಎಂದು ತಂದ ಸಾಲ ನಿಜದಲ್ಲಿ ಶೇ 12.5ರ ಸಾಲವಾಯಿತು. ಇದೇ ಸಾಲವನ್ನು ಇಪ್ಪತ್ತೇ ದಿನಕ್ಕೆ ತೀರಿಸಿದ್ದರೆ ಬಡ್ಡಿ 493 ರೂಪಾಯಿ, ಶುಲ್ಕ ಅದೇ 944. ಆಗ ಅದು ವರ್ಷಕ್ಕೆ ಶೇ 26ರ ದರಕ್ಕೆ ಸಮ. ಶುಲ್ಕ ದಿನ ನೋಡಿ ಬೆಳೆಯುವುದಿಲ್ಲ, ಹಾಗಾಗಿ ಬೇಗ ತೀರಿಸಿದವರಿಗೇ ಅದರ ಭಾರ ಹೆಚ್ಚು.

ಚಿನ್ನದ ಮೇಲೆ ಸಾಲ ಕೊಡುವ ಖಾಸಗಿ ಫೈನಾನ್ಸ್ ಕಂಪನಿಗಳ ದಾರಿ ಬೇರೆ. ಅಲ್ಲಿ ಶುಲ್ಕ ಕಡಿಮೆ, ಕೆಲವು ಸ್ಕೀಮುಗಳಲ್ಲಿ ಇಲ್ಲವೇ ಇಲ್ಲ. ಅರ್ಧ ಗಂಟೆಯೊಳಗೆ ಹಣವೂ ಕೈಗೆ ಬರುತ್ತದೆ. ಬಡ್ಡಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: 30 ದಿನದೊಳಗೆ ಕಟ್ಟಿದರೆ ಶೇ 12, 60ರೊಳಗೆ ಶೇ 15, 90ರೊಳಗೆ ಶೇ 18, ಆಮೇಲೆ ಶೇ 22 ಎಂಬಂತೆ. ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲ ಮೆಟ್ಟಿಲಿನ ದರ. ಇಂಥ ಅನೇಕ ಸ್ಕೀಮುಗಳಲ್ಲಿ ಹೊಸ ದರ ಮುಂದಿನ ದಿನಗಳಿಗಷ್ಟೇ ಅನ್ವಯಿಸುವುದಿಲ್ಲ, ಸಾಲ ಪಡೆದ ಮೊದಲ ದಿನದಿಂದಲೇ ಹಿಂದಕ್ಕೆ ಹೋಗಿ ಬೀಳುತ್ತದೆ. ಕಂಪನಿಯ ಮಾತಿನಲ್ಲಿ ಹೇಳುವುದಾದರೆ ನಿಜವಾದ ದರ ಶೇ 22, ಬೇಗ ಕಟ್ಟಿದವರಿಗೆ ರಿಯಾಯಿತಿ.

ತೊಂಬತ್ತನೇ ದಿನ, ಅಂದರೆ ನವೆಂಬರ್ 30ಕ್ಕೆ ತೀರಿಸಿದ್ದರೆ ಬಡ್ಡಿ 4,438 ರೂಪಾಯಿ ಆಗುತ್ತಿತ್ತು. ಡಿಸೆಂಬರ್ 8ಕ್ಕೆ ಅದು 5,907. ಎಂಟು ದಿನ ತಡವಾಗಿದ್ದಕ್ಕೆ 1,469 ರೂಪಾಯಿ. ಏರಿದ ದರವನ್ನು ಆ ಎಂಟು ದಿನಕ್ಕಷ್ಟೇ ಹಾಕಿದ್ದರೆ 482 ರೂಪಾಯಿ ಸಾಕಿತ್ತು. ಉಳಿದ 987 ರೂಪಾಯಿ ಮುಗಿದುಹೋದ ತೊಂಬತ್ತು ದಿನಗಳ ಮೇಲೆ ಮತ್ತೆ ಹೇರಿದ ಬಡ್ಡಿ. ಸಾಲದೆಂಬಂತೆ 2025ರ ನವೆಂಬರ್ 30 ಭಾನುವಾರ. ಕೌಂಟರಿನಲ್ಲಿ ಕಟ್ಟುವವರಿಗೆ ಶನಿವಾರವೇ ಕೊನೆಯ ದಿನ. ಚೀಟಿಯ ಮೇಲೆ ಈ ಗಡುವಿನ ತಾರೀಖನ್ನು ಬರೆಸಿಕೊಳ್ಳದಿದ್ದರೆ ಕಣದ ಕೆಲಸದ ನಡುವೆ ಯಾರಿಗೆ ನೆನಪಿರುತ್ತದೆ?

ಹಾಗೆಂದು ಕಂಪನಿಯ ಸಾಲ ಎಲ್ಲರಿಗೂ ದುಬಾರಿ ಎನ್ನಲಾಗದು. ಇದೇ ದರಗಳಲ್ಲಿ 30 ದಿನಕ್ಕೆ ಬಿಡಿಸಿಕೊಂಡವರು ಕಟ್ಟುವುದು 986 ರೂಪಾಯಿ, ಬ್ಯಾಂಕಿನಲ್ಲಿ ಶುಲ್ಕ ಸೇರಿ 1,684. ಎರಡು ತಿಂಗಳ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸಮ. ಅಲ್ಲಿಂದಾಚೆಗೆ ಬ್ಯಾಂಕೇ ಅಗ್ಗ. ಇನ್ನೊಂದು ದಾರಿಯೂ ಇದೆ. ಈ ಬಗೆಯ ಅನೇಕ ಸ್ಕೀಮುಗಳಲ್ಲಿ ಪ್ರತಿ 30 ದಿನಕ್ಕೆ ಆವರೆಗಿನ ಬಡ್ಡಿಯನ್ನು ಕಟ್ಟುತ್ತ ಹೋದರೆ ಮೆಟ್ಟಿಲು ಏರುವುದೇ ಇಲ್ಲ. ಹಾಗೆ ಮಾಡಿದವರಿಗೆ 98 ದಿನಕ್ಕೆ ಬೀಳುವುದು 3,222 ರೂಪಾಯಿ ಮಾತ್ರ, ಸುಮ್ಮನೆ ಕೂತವರಿಗಿಂತ 2,685 ಕಡಿಮೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಇರುವುದು ಇಲ್ಲೇ. ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ ಕಟ್ಟಬಲ್ಲವರು ತಿಂಗಳ ಸಂಬಳದವರು, ದಿನವೂ ಡೇರಿಗೆ ಹಾಲು ಹಾಕುವವರು, ಅಂಗಡಿ ಇಟ್ಟವರು. ಅವರಿಗೆ ಶೇ 12. ರಾಗಿಯೊಂದನ್ನೇ ನಂಬಿದವರಿಗೆ ಶೇ 22. ಚಿನ್ನ ಅದೇ, ಪರಿಶುದ್ಧತೆ ಅದೇ, ಕಂಪನಿಗಿರುವ ಅಪಾಯವೂ ಅಷ್ಟೇ. ಬೆಳೆ ಕೈಗೆ ಬರುವ ತಿಂಗಳು ಗೊತ್ತಿದ್ದೂ ಅದಕ್ಕೆ ಒಂದು ವಾರ ಮೊದಲು ಗಡುವು ಮುಗಿಯುವ ಸಾಲವನ್ನು ರೈತರ ಕೈಗಿಡುವುದು ಅನ್ಯಾಯ.

ಗಿರವಿ ಅಂಗಡಿಯ ಲೆಕ್ಕ ಇನ್ನೂ ಒರಟು. ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಎರಡು. ತಿಂಗಳ ಮೇಲೆ ಒಂದು ದಿನವಾದರೂ ಇಡೀ ತಿಂಗಳೆಂದು ಹಿಡಿಯುವ ಅಂಗಡಿಯಲ್ಲಿ ಮೂರು ತಿಂಗಳು ಏಳು ದಿನ ನಾಲ್ಕು ತಿಂಗಳಾಗುತ್ತದೆ. ಬಡ್ಡಿ 8,000, ವರ್ಷಕ್ಕೆ ಶೇ 29.8. ಭದ್ರತೆಯಿರುವ ಸಾಲಕ್ಕೆ ರಾಜ್ಯ ಸರ್ಕಾರ ಹಾಕಿರುವ ಮಿತಿ ಶೇ 14. ಆ ಲೆಕ್ಕದಲ್ಲಿ 3,759 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಈ ಮಿತಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಫೈನಾನ್ಸ್ ಕಂಪನಿಗಳಿಗೆ ಅನ್ವಯಿಸುವುದಿಲ್ಲ. ರಾಜ್ಯಗಳ ಲೇವಾದೇವಿ ಕಾಯ್ದೆಗಳು ಅವುಗಳ ಮೇಲೆ ನಡೆಯವು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ.

ರಿಸರ್ವ್ ಬ್ಯಾಂಕ್ ಸುಮ್ಮನೆ ಕೂತಿಲ್ಲ. ತಿಂಗಳ ನಡುವೆ ಸಾಲ ತೀರಿಸಿದವರಿಂದ ಪೂರ್ತಿ ತಿಂಗಳ ಬಡ್ಡಿ ವಸೂಲಿ ಮಾಡುವುದು ಸರಿಯಲ್ಲವೆಂದು 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಹೇಳಿತು. ಅದೇ ವರ್ಷದ ಅಕ್ಟೋಬರಿನಿಂದ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯ ವಿವರಗಳ ಪತ್ರ ಕಡ್ಡಾಯವಾಯಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಆ ಪತ್ರದ ವಾರ್ಷಿಕ ದರ ಸಾಲದ ಪೂರ್ಣಾವಧಿಗೆ ಹಾಕಿದ್ದು. ಇಪ್ಪತ್ತನೇ ದಿನಕ್ಕೋ ತೊಂಬತ್ತೆಂಟನೇ ದಿನಕ್ಕೋ ಬಿಡಿಸಿಕೊಂಡರೆ ಎಷ್ಟಾಗುತ್ತದೆಂದು ಆ ಒಂದು ಅಂಕಿಯಿಂದ ತಿಳಿಯದು. 30, 60, 90, 120 ದಿನಕ್ಕೆ ಕಟ್ಟಬೇಕಾದ ಒಟ್ಟು ಮೊತ್ತವನ್ನು ನಾಲ್ಕೇ ಸಾಲಿನಲ್ಲಿ, ರೂಪಾಯಿಗಳಲ್ಲಿ ಅಚ್ಚು ಹಾಕಿಸಿದರೆ ಕೌಂಟರಿನ ಮುಂದೆ ನಿಂತವರಿಗೆ ಅದೇ ಹೆಚ್ಚು ಉಪಯೋಗ.

2025ರ ಜೂನ್ 6ರ ನಿರ್ದೇಶನಗಳು ಇನ್ನಷ್ಟು ಹಕ್ಕು ಕೊಟ್ಟಿವೆ. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕಾದ ಈ ನಿಯಮಗಳ ಪ್ರಕಾರ ಸಾಲದ ಷರತ್ತುಗಳು ಆ ಪ್ರದೇಶದ ಭಾಷೆಯಲ್ಲಿ ಅಥವಾ ಗ್ರಾಹಕರು ಕೇಳಿದ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಸಂಸ್ಥೆಯ ನೌಕರನಲ್ಲದ ಸಾಕ್ಷಿಯೊಬ್ಬರ ಮುಂದೆ ಅವನ್ನು ವಿವರಿಸಬೇಕು. ಸಾಲ ಪೂರ್ತಿ ತೀರಿದ ಮೇಲೆ ಒಡವೆಯನ್ನು ಅದೇ ದಿನ, ತಪ್ಪಿದರೆ ಏಳು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಸಂಸ್ಥೆಯ ಕಾರಣದಿಂದ ಅದಕ್ಕಿಂತ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಗ್ರಾಹಕರಿಗೆ ಸಲ್ಲಬೇಕು. ಆದ್ದರಿಂದ ಹಣ ಕಟ್ಟಿದ ದಿನಾಂಕವಿರುವ ರಸೀದಿಯನ್ನು ಒಡವೆ ಕೈಗೆ ಬರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.